ಉಕ್ಕಿನ ಹದ: ಕಾಠಿನ್ಯ, ತಾಳಿಕೆ ಮತ್ತು ಪರಿವರ್ತನ ರೇಖೆ

೧

ಕನ್ನಡದಲ್ಲಿ ‘ಹದ’ ಎಂಬ ಮಾತು ಒಲೆಯ ಮೇಲಿನ ಪಾಕಕ್ಕೂ ಸಲ್ಲುವುದು, ಮಳೆ ಬಿದ್ದ ಹೊಲದ ಮಣ್ಣಿಗೂ ಸಲ್ಲುವುದು, ಕುಲುಮೆಯಿಂದ ಹೊರಬಂದ ಉಳಿಯ ಬಾಯಿಗೂ ಸಲ್ಲುವುದು. ಮೂರು ಕಡೆಯಲ್ಲಿಯೂ ಅದರ ಭಾವ ಒಂದೇ: ಎರಡು ಅತಿಗಳ ನಡುವೆ ವಸ್ತುವು ತನ್ನ ಕೆಲಸಕ್ಕೆ ಒದಗುವ ಸ್ಥಿತಿ. ಉಳಿಯ ವಿಷಯದಲ್ಲಿ ಈ ಎರಡು ಅತಿಗಳು ಬಹು ಸ್ಪಷ್ಟವಾಗಿವೆ. ಮೆತ್ತಗಿನ ಉಳಿಯ ಬಾಯಿ ಕಲ್ಲಿನ ಮೇಲೆ ಮಡಿಚಿಕೊಳ್ಳುವುದು. ಅತಿ ಗಡಸಾದ ಉಳಿಯ ಬಾಯಿ ಚೂರಾಗಿ ಹಾರುವುದು. ಗೀರನ್ನೂ ಒತ್ತನ್ನೂ ತಡೆಯುವ ಗುಣವನ್ನು ಕಾಠಿನ್ಯವೆಂದೂ, ಏಟು ಬಿದ್ದಾಗ ಒಡೆಯದೆ ಸೈರಿಸುವ ಗುಣವನ್ನು ತಾಳಿಕೆಯೆಂದೂ ಈ ಲೇಖನದಲ್ಲಿ ಕರೆಯಲಾಗಿದೆ. ಒಂದನ್ನು ಹೆಚ್ಚಿಸಿದರೆ ಮತ್ತೊಂದು ಸಾಮಾನ್ಯವಾಗಿ ತಗ್ಗುವುದು. ಇದೇ ಹದದ ಸಮಸ್ಯೆ.

೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯ-ರಸಾಯನಜ್ಞನು ಮುಂಬಯಿಯಿಂದ ಲಂಡನ್ನಿಗೆ ಹೋಗಿದ್ದ ಉಕ್ಕಿನ ಗಟ್ಟಿಗಳನ್ನು ಪರೀಕ್ಷಿಸಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಆ ಲೋಹಕ್ಕೆ ಅವನು ಬಳಸಿದ ಹೆಸರು ‘ವೂಟ್ಸ್’. ಕನ್ನಡದ ‘ಉಕ್ಕು’ ಎಂಬ ಶಬ್ದವೇ ಕೇಳಿ ಬರೆದವರ ಕೈಯಲ್ಲಿ ಈ ರೂಪವನ್ನು ತಾಳಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಹೀಗೆ ಉಕ್ಕೂ ಅದರ ಹೆಸರೂ ಕಡಲನ್ನು ದಾಟಿದುವು. ಆದರೆ ಆ ಉಕ್ಕಿಗೆ ಹದ ಬರುವುದು ಹೇಗೆ, ಕಾಸಿದ ಲೋಹವು ತಣಿಯುವ ಆ ಕೆಲವು ಸೆಕೆಂಡುಗಳಲ್ಲಿ ಅದರೊಳಗೆ ಏನು ನಡೆಯುವುದು ಎಂಬುದನ್ನು ಕಾಲದ ಅಳತೆಯಿಟ್ಟು ತೋರಿಸುವ ನಕ್ಷೆ ದೊರೆತದ್ದು ೧೯೩೦ರಲ್ಲಿ. ಆ ನಕ್ಷೆಯನ್ನು ಓದುವ ಬಗೆಯನ್ನೂ, ಅದರಿಂದ ತಿಳಿದುಬಂದ ಒಂದು ಅನಿರೀಕ್ಷಿತವಾದ ಸಂಗತಿಯನ್ನೂ ವಿವರಿಸುವುದು ಇಲ್ಲಿಯ ಉದ್ದೇಶ. ಆ ಸಂಗತಿಯಿದು: ಒಂದೇ ಉಕ್ಕಿನ ಎರಡು ಸಲಾಕೆಗಳನ್ನು ಬೇರೆಬೇರೆ ದಾರಿಗಳಿಂದ ಒಂದೇ ಕಾಠಿನ್ಯಕ್ಕೆ ತಂದರೂ ಅವುಗಳ ತಾಳಿಕೆ ಒಂದೇ ಆಗಿರಬೇಕೆಂದಿಲ್ಲ, ಹತ್ತುಪಟ್ಟಿಗೂ ಮೀರಿ ವ್ಯತ್ಯಾಸವಿರಬಹುದು.

೨

ಮೊದಲು ಉಕ್ಕಿನ ಒಳರಚನೆಯನ್ನು ಸಂಕ್ಷೇಪವಾಗಿ ತಿಳಿಯಬೇಕು. ಉಕ್ಕೆಂದರೆ ಸ್ವಲ್ಪ ಇಂಗಾಲ ಬೆರೆತ ಕಬ್ಬಿಣ. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ನೂರು ಭಾಗಕ್ಕೆ ಸುಮಾರು ೦.೮ ಭಾಗ ಇಂಗಾಲವುಳ್ಳ ಸಾದಾ ಉಕ್ಕನ್ನು. ಇದನ್ನು ೭೨೭ ಡಿಗ್ರಿ ಸೆಂಟಿಗ್ರೇಡಿಗೆ ಮೇಲೆ ಕಾಸಿದಾಗ ಕಬ್ಬಿಣದ ಪರಮಾಣುಗಳು ತಮ್ಮ ಸಾಲುಗಳನ್ನು ಬದಲಾಯಿಸಿಕೊಂಡು ಬೇರೊಂದು ಜೋಡಣೆಗೆ ಬರುತ್ತವೆ. ಈ ಹೊಸ ಜೋಡಣೆಯಲ್ಲಿ ಇಂಗಾಲಕ್ಕೆ ಸಾಕಷ್ಟು ಎಡೆಯಿದೆ. ಸಕ್ಕರೆ ನೀರಿನಲ್ಲಿ ಕರಗುವಂತೆ ಇಂಗಾಲವು ಗಟ್ಟಿಯಾದ ಕಬ್ಬಿಣದಲ್ಲಿಯೇ ಕರಗಿಹೋಗುವುದು. ಈ ಸ್ಥಿತಿಗೆ, ಇಂಗ್ಲೆಂಡಿನ ಲೋಹಶಾಸ್ತ್ರಜ್ಞ ರಾಬರ್ಟ್ಸ್-ಆಸ್ಟೆನನ ಹೆಸರಿನಿಂದ, ಆಸ್ಟೆನೈಟು ಎಂದು ಹೆಸರು.

ಉಕ್ಕು ಮತ್ತೆ ತಣ್ಣಗಾಗುವಾಗ ಕಬ್ಬಿಣವು ತನ್ನ ಹಳೆಯ ಜೋಡಣೆಗೆ ಮರಳಲು ಹವಣಿಸುವುದು. ಆ ಜೋಡಣೆಯಲ್ಲಿ ಇಂಗಾಲಕ್ಕೆ ಎಡೆಯಿಲ್ಲ. ಸಾವಕಾಶವಾಗಿ ತಣಿಸಿದರೆ ಇಂಗಾಲವು ಪಕ್ಕಕ್ಕೆ ಸರಿದು, ಕಬ್ಬಿಣದೊಡನೆ ಕೂಡಿ, ಕಾರ್ಬೈಡು ಎಂಬ ಗಟ್ಟಿಯಾದ ಸಂಯುಕ್ತವಾಗಿ ಬೇರ್ಪಡುವುದು. ಮೆತ್ತನೆಯ ಕಬ್ಬಿಣದ ಪದರವೊಂದು, ಕಾರ್ಬೈಡಿನ ಪದರವೊಂದು, ಹೀಗೆ ಸರದಿಯಾಗಿ ಜೋಡಿಸಿದ ರಚನೆ ಉಂಟಾಗುವುದು. ಸೂಕ್ಷ್ಮದರ್ಶಕದಲ್ಲಿ ಮುತ್ತಿನ ಚಿಪ್ಪಿನಂತೆ ಹೊಳೆಯುವುದರಿಂದ ಅದಕ್ಕೆ ಪರ್ಲೈಟು ಎಂಬ ಹೆಸರು ಬಂದಿತು.

ಆದರೆ ಇಂಗಾಲವು ಪಕ್ಕಕ್ಕೆ ಸರಿಯಬೇಕಾದರೆ ಕಾಲಾವಕಾಶ ಬೇಕು. ಕೆಂಪಗೆ ಕಾಸಿದ ತೆಳ್ಳನೆಯ ಉಕ್ಕನ್ನು ನೀರಿನಲ್ಲಿ ಅದ್ದಿದಾಗ ಆ ಅವಕಾಶವಿರುವುದಿಲ್ಲ. ಆಗ ಕಬ್ಬಿಣದ ಪರಮಾಣುಗಳು ಕವಾಯತಿನ ಸೈನಿಕರಂತೆ ಒಟ್ಟಿಗೆ, ಕ್ಷಣಾರ್ಧದಲ್ಲಿ, ಪಕ್ಕಕ್ಕೆ ವಾಲುತ್ತವೆ. ಇಂಗಾಲವು ಹೊರಹೋಗಲಾರದೆ ಅವುಗಳ ನಡುವೆ ಸಿಕ್ಕಿಬೀಳುವುದು. ಸಿಕ್ಕಿಬಿದ್ದ ಇಂಗಾಲದಿಂದ ಸೆಟೆದುಕೊಂಡ ಈ ರಚನೆಯೇ ಮಾರ್ಟೆನ್ಸೈಟು. ಜರ್ಮನಿಯ ಆಡಾಲ್ಫ್ ಮಾರ್ಟೆನ್ಸನ ಗೌರವಾರ್ಥವಾಗಿ ಫ್ರಾನ್ಸಿನ ಓಸ್ಮಂಡನು ಈ ಹೆಸರನ್ನಿಟ್ಟನು. ರಾಕ್‌ವೆಲ್ ಸಿ ಎಂಬ ಮಾನದಲ್ಲಿ ಅದರ ಕಾಠಿನ್ಯ ಸುಮಾರು ೬೫. ಅರದ ಹಲ್ಲು ಅದರ ಮೇಲೆ ಹಿಡಿಯದೆ ಜಾರುವುದು. ಆದರೆ ಅದು ಗಾಜಿನಂತೆ ಒಡೆಯುವ ಸ್ವಭಾವದ್ದು. ಅಲ್ಲದೆ ಆಸ್ಟೆನೈಟು ಮಾರ್ಟೆನ್ಸೈಟಾಗುವಾಗ ಅದರ ಗಾತ್ರವು ನೂರಕ್ಕೆ ಸುಮಾರು ನಾಲ್ಕರಷ್ಟು ಉಬ್ಬುವುದು. ತಣಿಸುವಾಗ ಉಕ್ಕು ಬಿರಿಯುವುದಕ್ಕೆ ಈ ಉಬ್ಬುವಿಕೆಯೇ ಮುಖ್ಯ ಕಾರಣವೆಂಬುದು ಮುಂದೆ ತಿಳಿದುಬರುವುದು.

೩

ಪರ್ಲೈಟಿಗೆ ಎಷ್ಟು ಕಾಲ ಬೇಕು, ಎಷ್ಟು ಬೇಗ ತಣಿಸಿದರೆ ಅದನ್ನು ತಪ್ಪಿಸಬಹುದು ಎಂಬ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಕ್ಕಿರಲಿಲ್ಲ. ತಣಿಯುತ್ತಿರುವ ಉಕ್ಕಿನಲ್ಲಿ ಉಷ್ಣತೆಯೂ ಕಾಲವೂ ಒಟ್ಟಿಗೆ ಬದಲಾಗುತ್ತಿರುವುದರಿಂದ ಯಾವುದರ ಪರಿಣಾಮ ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಅಮೆರಿಕದಲ್ಲಿ ಡೇವನ್‌ಪೋರ್ಟ್ ಮತ್ತು ಬೇನ್ ಎಂಬ ಇಬ್ಬರು ಶೋಧಕರು ೧೯೩೦ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ತೊಡಕನ್ನು ಒಂದು ಸರಳವಾದ ಉಪಾಯದಿಂದ ಬಿಡಿಸಿದರು. ಉಷ್ಣತೆಯನ್ನು ಸ್ಥಿರವಾಗಿಟ್ಟು ಕಾಲವನ್ನು ಮಾತ್ರ ಬದಲಾಯಿಸುವುದೇ ಆ ಉಪಾಯ.

ಒಂದೇ ಉಕ್ಕಿನಿಂದ ತೆಳ್ಳನೆಯ ಚಿಕ್ಕ ತುಣುಕುಗಳನ್ನು ಹಲವಾರು ಕತ್ತರಿಸಿ, ಎಲ್ಲವನ್ನೂ ಆಸ್ಟೆನೈಟಾಗುವಂತೆ ಕಾಸಿ, ತಟಕ್ಕನೆ ಒಂದು ಕರಗಿದ ಲೋಹದ ಕೊಳದಲ್ಲಿ ಮುಳುಗಿಸುವರು. ಆ ಕೊಳದ ಉಷ್ಣತೆ ೫೫೦ ಡಿಗ್ರಿಯೆಂದು ಇಟ್ಟುಕೊಳ್ಳಬಹುದು. ಒಂದು ಸೆಕೆಂಡಾದ ಮೇಲೆ ಮೊದಲನೆಯ ತುಣುಕನ್ನೂ, ಎರಡು ಸೆಕೆಂಡಾದ ಮೇಲೆ ಎರಡನೆಯದನ್ನೂ, ಐದು ಸೆಕೆಂಡಾದ ಮೇಲೆ ಮೂರನೆಯದನ್ನೂ ಹೊರತೆಗೆದು ತಣ್ಣನೆಯ ಉಪ್ಪುನೀರಿನಲ್ಲಿ ಅದ್ದುವರು. ಅಷ್ಟರಲ್ಲಿ ಮಾರ್ಪಡದೆ ಉಳಿದಿದ್ದ ಆಸ್ಟೆನೈಟು ಉಪ್ಪುನೀರಿನಲ್ಲಿ ಮಾರ್ಟೆನ್ಸೈಟಾಗುವುದು. ಮಾರ್ಪಟ್ಟಿದ್ದ ಭಾಗ ಹಾಗೆಯೇ ನಿಲ್ಲುವುದು. ತುಣುಕನ್ನು ನುಣ್ಣಗೆ ಮಾಡಿ ಆಮ್ಲದಿಂದ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾರ್ಟೆನ್ಸೈಟು ಬಿಳುಪಾಗಿಯೂ ಉಳಿದ ಭಾಗ ಕಪ್ಪಾಗಿಯೂ ಕಾಣುವುದು. ಹೀಗೆ ಪ್ರತಿಯೊಂದು ತುಣುಕೂ ತಾನು ಕೊಳವನ್ನು ಬಿಟ್ಟ ಕ್ಷಣದ ಚಿತ್ರವನ್ನು ಹಿಡಿದಿಟ್ಟುಕೊಂಡಿರುವುದು. ಕಪ್ಪು ಮೊದಲು ತಲೆದೋರಿದ ಕಾಲವೇ ಪರಿವರ್ತನೆಯ ಆರಂಭ. ಬಿಳುಪು ಪೂರ್ತಿ ಮಾಯವಾದ ಕಾಲವೇ ಅದರ ಅಂತ್ಯ.

ಇದೇ ಪ್ರಯೋಗವನ್ನು ೭೦೦, ೬೦೦, ೪೦೦, ೩೦೦ ಡಿಗ್ರಿಗಳಲ್ಲಿ ಮತ್ತೆ ಮತ್ತೆ ಮಾಡಿ, ಆರಂಭದ ಬಿಂದುಗಳನ್ನೆಲ್ಲ ಒಂದು ರೇಖೆಯಿಂದಲೂ ಅಂತ್ಯದ ಬಿಂದುಗಳನ್ನೆಲ್ಲ ಮತ್ತೊಂದು ರೇಖೆಯಿಂದಲೂ ಸೇರಿಸಿದಾಗ ಪರಿವರ್ತನ ರೇಖೆಗಳು ದೊರೆತುವು.

೪

ನಕ್ಷೆಯಲ್ಲಿ ಕೆಳಗಿನಿಂದ ಮೇಲಕ್ಕೆ ಉಷ್ಣತೆ, ಎಡದಿಂದ ಬಲಕ್ಕೆ ಕಾಲ. ಕಾಲದ ಅಳತೆಯಲ್ಲಿ ಒಂದು ವಿಶೇಷವುಂಟು. ಒಂದು ಸೆಕೆಂಡಿನಿಂದ ಹತ್ತಕ್ಕೆ, ಹತ್ತರಿಂದ ನೂರಕ್ಕೆ, ನೂರರಿಂದ ಸಾವಿರಕ್ಕೆ ಇರುವ ಅಂತರಗಳು ಕಾಗದದ ಮೇಲೆ ಸಮಾನವಾಗಿರುತ್ತವೆ. ಸೆಕೆಂಡಿಗೂ ಕಡಮೆಯಾದ ಕಾಲವನ್ನೂ ಗಂಟೆಗಳನ್ನೂ ಒಂದೇ ಹಾಳೆಯಲ್ಲಿ ತೋರಿಸಲು ಬೇರೆ ದಾರಿಯಿಲ್ಲ. ಆದುದರಿಂದ ನಕ್ಷೆಯ ಎಡತುದಿಯಲ್ಲಿ ಒಂದು ಬೆರಳಿನಗಲವೆಂದರೆ ಕೆಲವು ಸೆಕೆಂಡು, ಬಲತುದಿಯಲ್ಲಿ ಅಷ್ಟೇ ಅಗಲವೆಂದರೆ ಗಂಟೆಗಳು ಎಂಬುದನ್ನು ಓದುವವನು ಮರೆಯಬಾರದು.

ಎರಡು ರೇಖೆಗಳೂ ಎಡಕ್ಕೆ ಮೂಗು ಚಾಚಿದ ಮುಖದ ಪಾರ್ಶ್ವದಂತಿವೆ. ಮೊದಲನೆಯ ರೇಖೆಯ ಎಡಕ್ಕೆ ಉಕ್ಕು ಇನ್ನೂ ಆಸ್ಟೆನೈಟಾಗಿದೆ. ಎರಡರ ನಡುವೆ ಮಾರ್ಪಡುತ್ತಿದೆ. ಎರಡನೆಯದರ ಬಲಕ್ಕೆ ಮಾರ್ಪಾಡು ಮುಗಿದಿದೆ. ಈ ಉಕ್ಕಿನಲ್ಲಿ ಮೂಗಿನ ತುದಿ ಇರುವುದು ಸುಮಾರು ೫೫೦ ಡಿಗ್ರಿಯಲ್ಲಿ. ಅಲ್ಲಿ ಪರಿವರ್ತನೆ ಆರಂಭವಾಗಲು ಒಂದು ಸೆಕೆಂಡಿನಷ್ಟು ಕಾಲವೂ ಹಿಡಿಯದು. ೭೦೦ ಡಿಗ್ರಿಯಲ್ಲಾದರೋ ನಿಮಿಷಗಳೇ ಬೇಕು.

ಈ ಆಕಾರಕ್ಕೆ ಕಾರಣ ಎರಡು ಎದುರುಬದುರಾದ ಪ್ರವೃತ್ತಿಗಳು. ಉಷ್ಣತೆ ೭೨೭ ಡಿಗ್ರಿಗಿಂತ ಎಷ್ಟೆಷ್ಟು ಕೆಳಗಿಳಿಯುವುದೋ ಮಾರ್ಪಡಬೇಕೆಂಬ ಒತ್ತಾಯ ಅಷ್ಟಷ್ಟು ಹೆಚ್ಚುವುದು. ಆದರೆ ಉಷ್ಣತೆ ಇಳಿದಂತೆಲ್ಲ ಇಂಗಾಲದ ನಡಗೆ ನಿಧಾನವಾಗುವುದು. ಮೇಲುಗಡೆಯಲ್ಲಿ ನಡೆಯುವ ಶಕ್ತಿಯುಂಟು, ಹೊರಡುವ ಆತುರವಿಲ್ಲ. ಕೆಳಗಡೆಯಲ್ಲಿ ಆತುರವುಂಟು, ಶಕ್ತಿಯಿಲ್ಲ. ಎರಡೂ ಸಾಕಷ್ಟಿರುವ ನಡುವಣ ಎಡೆಯಲ್ಲಿ ಕೆಲಸ ಅತಿ ಬೇಗ ಸಾಗುವುದು.

ಮೂಗಿಗಿಂತ ಮೇಲೆ ದೊರೆಯುವುದು ಪರ್ಲೈಟು. ೭೦೦ ಡಿಗ್ರಿಯಲ್ಲಿ ಅದರ ಪದರಗಳು ದಪ್ಪ, ಕಾಠಿನ್ಯ ಸುಮಾರು ೧೫. ಮೂಗಿನ ಬಳಿ ಪದರಗಳು ಬಹು ತೆಳ್ಳಗೆ, ಕಾಠಿನ್ಯ ಸುಮಾರು ೪೦. ಮೂಗಿಗಿಂತ ಕೆಳಗೆ ಇಂಗಾಲಕ್ಕೆ ದೂರ ನಡೆಯಲಾಗದು. ಕಬ್ಬಿಣದ ಸಣ್ಣ ಸೀಳುಗಳೂ ಅವುಗಳಲ್ಲಿ ನುಣ್ಣನೆಯ ಕಾರ್ಬೈಡಿನ ಕಣಗಳೂ ಸೇರಿದ ಬೇರೊಂದು ರಚನೆ ಮೂಡುವುದು. ಬೇನನ ಗೌರವಾರ್ಥವಾಗಿ ಅದಕ್ಕೆ ಬೇನೈಟು ಎಂದು ಹೆಸರಾಯಿತು. ೩೦೦ ಡಿಗ್ರಿಯ ಸುಮಾರಿನಲ್ಲಿ ಅದರ ಕಾಠಿನ್ಯ ೫೦ನ್ನು ಮುಟ್ಟುವುದು. ಎಲ್ಲಕ್ಕೂ ಕೆಳಗೆ, ಸುಮಾರು ೨೨೦ ಡಿಗ್ರಿಯಲ್ಲಿ, ಅಡ್ಡಲಾಗಿ ಎಳೆದ ನೇರ ಗೆರೆಯೊಂದಿದೆ. ಮಾರ್ಟೆನ್ಸೈಟು ಇಲ್ಲಿಂದ ಕೆಳಗೆ ಮೂಡತೊಡಗುವುದು. ಗೆರೆ ಅಡ್ಡಲಾಗಿರುವುದಕ್ಕೆ ಅರ್ಥವಿದೆ: ಮಾರ್ಟೆನ್ಸೈಟಿನ ಪ್ರಮಾಣವು ಕಾದ ಕಾಲವನ್ನಲ್ಲ, ಉಷ್ಣತೆ ಎಷ್ಟು ಕೆಳಗಿಳಿಯಿತೆಂಬುದನ್ನು ಅನುಸರಿಸುವುದು.

ನಕ್ಷೆಯನ್ನು ಓದುವಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಈ ರೇಖೆಗಳು ಸ್ಥಿರವಾದ ಉಷ್ಣತೆಯಲ್ಲಿ ಅಳೆದವು. ನೀರಿನಲ್ಲಿ ಅದ್ದಿದ ಉಕ್ಕಾದರೋ ಎಡೆಬಿಡದೆ ತಣಿಯುತ್ತಿರುವುದು. ಹಾಗೆ ತಣಿಯುವಾಗ ಪರಿವರ್ತನೆಯು ನಕ್ಷೆ ತೋರಿಸುವುದಕ್ಕಿಂತ ಸ್ವಲ್ಪ ತಡವಾಗಿಯೂ ಸ್ವಲ್ಪ ಕೆಳಗಿನ ಉಷ್ಣತೆಯಲ್ಲಿಯೂ ಆರಂಭವಾಗುವುದು. ಆದುದರಿಂದ ತಣಿಯುವ ದಾರಿಯನ್ನು ಈ ನಕ್ಷೆಯ ಮೇಲೆ ಗುರುತಿಸಿ, ಅದು ಮೂಗನ್ನು ಮುಟ್ಟದೆ ಹೋದರೆ ಪರ್ಲೈಟು ಬಂದಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಮುಟ್ಟಿದರೆ ಬಂದೇ ಬಂದಿತೆಂದು ಹೇಳಲಾಗದು. ಅಲ್ಲದೆ ಒಂದೊಂದು ನಕ್ಷೆಯೂ ಒಂದೊಂದು ಉಕ್ಕಿಗೆ ಮಾತ್ರ ಸಲ್ಲುವುದು. ಒಂದರ ನಕ್ಷೆಯನ್ನು ಹಿಡಿದು ಮತ್ತೊಂದನ್ನು ತಣಿಸಹೊರಟರೆ ಮೋಸಹೋಗಬೇಕಾಗುವುದು.

೫

ರೂಢಿಯ ಕ್ರಮದಲ್ಲಿ ಉಕ್ಕನ್ನು ಸುಮಾರು ೮೦೦ ಡಿಗ್ರಿಗೆ ಕಾಸಿ, ನೀರಿನಲ್ಲಿ ತಣಿಸಿ, ಬಳಿಕ ಮರುಕಾಯಿಸುವರು. ತಣಿಸುವುದರಿಂದ ಕಾಠಿನ್ಯ, ಮರುಕಾಯಿಸುವುದರಿಂದ ತಾಳಿಕೆ.

ತಣಿಸುವಾಗ ಮೂಗನ್ನು ಒಂದು ಸೆಕೆಂಡಿನೊಳಗೆ ದಾಟಬೇಕೆಂಬುದು ನಕ್ಷೆಯ ವಿಧಿ. ದಪ್ಪನೆಯ ಕಂಬಿಯಲ್ಲಿ ಇದು ಸಾಧ್ಯವಾಗದು. ಹೊರಮೈ ದಾಟಿದರೂ ಒಳಗಣ ತಿರುಳು ದಾಟಲಾರದು. ಮೇಲೆ ಕೆಲವು ಮಿಲಿಮೀಟರಿನಷ್ಟು ಮಾರ್ಟೆನ್ಸೈಟಿನ ಚಿಪ್ಪು, ಒಳಗೆ ಪರ್ಲೈಟು. ಹೊರಮೈಯಲ್ಲಿಯೂ ವಿಘ್ನವುಂಟು. ಕಾದ ಉಕ್ಕಿನ ಸುತ್ತ ನೀರು ಆವಿಯಾಗಿ ಕಂಬಳಿಯಂತೆ ಹೊದ್ದುಕೊಂಡರೆ ಶಾಖ ಹೊರಹೋಗುವುದು ನಿಧಾನವಾಗುವುದು. ಆ ಎಡೆಗಳಲ್ಲಿ ಮೆತ್ತನೆಯ ಮಚ್ಚೆಗಳು ಉಳಿಯುತ್ತವೆ. ಅರವನ್ನು ಆಡಿಸಿದರೆ ಬೇರೆಡೆ ಜಾರುವ ಅರ ಅಲ್ಲಿ ಕಚ್ಚುವುದು. ನೀರಿಗೆ ಉಪ್ಪು ಬೆರೆಸುವುದೂ, ಉಕ್ಕನ್ನು ನೀರಿನಲ್ಲಿ ಅಲುಗಾಡಿಸುವುದೂ ಈ ಆವಿಯ ಕಂಬಳಿಯನ್ನು ಹರಿಯುವುದಕ್ಕಾಗಿ.

ಬಿರುಕಿನ ಕಾರಣವನ್ನೂ ನಕ್ಷೆಯಿಂದಲೇ ಊಹಿಸಬಹುದು. ಹೊರಮೈ ೨೨೦ ಡಿಗ್ರಿಯ ಗೆರೆಯನ್ನು ಮೊದಲು ದಾಟಿ ಗಟ್ಟಿಯಾದ ಚಿಪ್ಪಾಗುವುದು. ಕೆಲವು ಸೆಕೆಂಡುಗಳ ತರುವಾಯ ತಿರುಳು ಅದೇ ಗೆರೆಯನ್ನು ದಾಟಿ ಉಬ್ಬುವುದು. ಬಾಗಲಾರದ ಚಿಪ್ಪು ಒಳಗಿನಿಂದ ಹಿಗ್ಗಿಸಲ್ಪಟ್ಟು ಬಿರಿಯುವುದು. ಕೆಲವೊಮ್ಮೆ ಅದು ಗಂಟೆಗಳ ಬಳಿಕ ಬಿರಿಯುವುದೂ ಉಂಟು. ಆದುದರಿಂದ ತಣಿಸಿದ ಉಕ್ಕನ್ನು ತಡಮಾಡದೆ ಮರುಕಾಯಿಸಬೇಕು. ಮುರಿದ ಉಪಕರಣದ ಬಿರುಕು ಯಾವಾಗ ಹುಟ್ಟಿತೆಂದು ತಿಳಿಯಲು ಒಂದು ಗುರುತಿದೆ. ಬಿರುಕಿನ ಒಳಗೋಡೆಗಳು ಕಪ್ಪಾಗಿಯೋ ಬಣ್ಣಗಟ್ಟಿಯೋ ಇದ್ದರೆ ಅದು ಮರುಕಾಯಿಸುವುದಕ್ಕೆ ಮೊದಲೇ ಇದ್ದ ಬಿರುಕು. ಹೊಸ ಲೋಹದ ಹೊಳಪಿದ್ದರೆ ಬಳಕೆಯಲ್ಲಿ ಆದುದು.

ಮರುಕಾಯಿಸಿದಾಗ ಸಿಕ್ಕಿಬಿದ್ದಿದ್ದ ಇಂಗಾಲಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗುವುದು. ೨೦೦ ಡಿಗ್ರಿಯಲ್ಲಿ ಕಾಠಿನ್ಯ ೬೫ರಿಂದ ಸುಮಾರು ೬೦ಕ್ಕೆ ಇಳಿದು ಒಳಗಿನ ಸೆಟೆತ ಸಡಿಲುವುದು. ೫೪೦ ಡಿಗ್ರಿಯಲ್ಲಿ ಕಾರ್ಬೈಡಿನ ಕಣಗಳು ದುಂಡಗಾಗಿ ಕಾಠಿನ್ಯ ಸುಮಾರು ೪೦ಕ್ಕೆ ಇಳಿಯುವುದು. ತಾಳಿಕೆ ಬಹಳ ಹೆಚ್ಚುವುದು. ಇವೆರಡರ ನಡುವೆ, ಸುಮಾರು ೨೫೦ರಿಂದ ೩೫೦ ಡಿಗ್ರಿಯವರೆಗೆ, ಒಂದು ಹಳ್ಳವಿದೆ. ಇಲ್ಲಿ ಕಾಠಿನ್ಯ ಇಳಿಯುತ್ತಲೇ ಇರುವುದು, ಆದರೆ ಏಟಿನ ಪರೀಕ್ಷೆಯಲ್ಲಿ ತಾಳಿಕೆ ಹೆಚ್ಚುವುದಕ್ಕೆ ಬದಲು ಕುಗ್ಗುವುದು. ಈ ಉಷ್ಣತೆಯಲ್ಲಿ ಕಾರ್ಬೈಡು ಕಣಗಳಾಗದೆ ತೆಳ್ಳನೆಯ ಹಾಳೆಗಳಾಗಿ ಮಾರ್ಟೆನ್ಸೈಟಿನ ಸೀಳುಗಳ ಎಲ್ಲೆಗಳಲ್ಲಿ ಹರಡಿಕೊಳ್ಳುವುದು. ಬಿರುಕಿಗೆ ಅದೇ ಹಾಸಿದ ಹಾದಿಯಾಗುವುದು. ಮೊದಲು ಹೇಳಿದ ಪರಿವರ್ತನ ರೇಖೆಗಳಲ್ಲಿ ಈ ಹಳ್ಳ ಕಾಣುವುದಿಲ್ಲ. ಆ ನಕ್ಷೆ ಆಸ್ಟೆನೈಟಿನ ಕಥೆಯನ್ನು ಹೇಳುವುದೇ ಹೊರತು ಮಾರ್ಟೆನ್ಸೈಟಿನ ಮುಂದಿನ ಕಥೆಯನ್ನಲ್ಲ.

೬

ಕಾಠಿನ್ಯ ೫೦ ಬೇಕೆಂದು ಇಟ್ಟುಕೊಂಡರೆ ರೂಢಿಯ ಕ್ರಮದಲ್ಲಿ ಮರುಕಾಯಿಸುವ ಉಷ್ಣತೆ ಸರಿಯಾಗಿ ಈ ಹಳ್ಳದಲ್ಲಿಯೇ ಬೀಳುವುದು. ನಕ್ಷೆಯನ್ನು ನೋಡಿದವರಿಗೆ ಬೇರೊಂದು ದಾರಿ ಹೊಳೆಯಿತು: ೩೦೦ ಡಿಗ್ರಿಯ ಬೇನೈಟಿಗೂ ಅದೇ ಕಾಠಿನ್ಯವಲ್ಲವೇ? ಡೇವನ್‌ಪೋರ್ಟ್, ರೋಫ್ ಮತ್ತು ಬೇನ್ ಇವರು ೧೯೩೪ರಲ್ಲಿ ಪ್ರಕಟಿಸಿದ ಹೋಲಿಕೆ ಇದನ್ನು ಕುರಿತದ್ದು. ಉಕ್ಕಿನಲ್ಲಿ ಇಂಗಾಲ ನೂರಕ್ಕೆ ೦.೭೪, ಸಲಾಕೆಗಳ ದಪ್ಪ ಸುಮಾರು ನಾಲ್ಕೂವರೆ ಮಿಲಿಮೀಟರು.

ಮೊದಲನೆಯ ಸಲಾಕೆಯನ್ನು ತಣ್ಣಗಾಗುವವರೆಗೆ ತಣಿಸಿ, ೩೦೦ ಡಿಗ್ರಿಗೆ ತುಸು ಮೇಲೆ ಮರುಕಾಯಿಸಿದರು. ಎರಡನೆಯದನ್ನು ಕುಲುಮೆಯಿಂದ ನೇರವಾಗಿ ೩೦೦ ಡಿಗ್ರಿಗೆ ತುಸು ಮೇಲಿದ್ದ ಕರಗಿದ ಸೀಸದ ಕೊಳಕ್ಕೆ ಇಳಿಸಿ, ಅಲ್ಲಿಯೇ ಕಾಲು ಗಂಟೆ ಬಿಟ್ಟು ಹೊರತೆಗೆದರು. ಅದಕ್ಕೆ ಮರುಕಾಯಿಸುವ ಕೆಲಸವೇ ಇಲ್ಲ. ನಕ್ಷೆಯ ಮೇಲೆ ಎರಡನೆಯದರ ದಾರಿಯನ್ನು ಹೀಗೆ ಓದಬಹುದು. ಸಲಾಕೆ ಸಣ್ಣದಾದುದರಿಂದ ಮೂಗಿನ ಎಡಗಡೆಯಿಂದ ಕೆಳಕ್ಕೆ ಜಾರಿ ಕೊಳದ ಉಷ್ಣತೆಯನ್ನು ಮುಟ್ಟುವುದು. ಅಲ್ಲಿಂದ ದಾರಿ ಬಲಕ್ಕೆ ಅಡ್ಡಲಾಗಿ ತಿರುಗಿ, ಆರಂಭದ ರೇಖೆಯನ್ನು ದಾಟಿ, ಕಾಲು ಗಂಟೆಯೊಳಗೆ ಅಂತ್ಯದ ರೇಖೆಯನ್ನೂ ದಾಟುವುದು. ೨೨೦ ಡಿಗ್ರಿಯ ಗೆರೆಗೆ ಇಳಿಯುವ ಹೊತ್ತಿಗೆ ಮಾರ್ಟೆನ್ಸೈಟಾಗಲು ಆಸ್ಟೆನೈಟು ಉಳಿದೇ ಇರುವುದಿಲ್ಲ.

ಎರಡರ ಕಾಠಿನ್ಯವೂ ೫೦. ಕಾಠಿನ್ಯವನ್ನು ಮಾತ್ರ ಅಳೆಯುವವನಿಗೆ ಇವು ಒಂದೇ ವಸ್ತು. ಆದರೆ ಏಟಿನ ಪರೀಕ್ಷೆಯಲ್ಲಿ ಮೊದಲನೆಯದು ಸುಮಾರು ೩ ಅಡಿ-ಪೌಂಡುಗಳ ಶಕ್ತಿಗೆ ಮುರಿಯಿತು. ಎರಡನೆಯದನ್ನು ಮುರಿಯಲು ಸುಮಾರು ೩೫ ಬೇಕಾಯಿತು. ಎಳೆದು ಮುರಿದಾಗ ಮೊದಲನೆಯದರ ಕುತ್ತಿಗೆ ನೂರಕ್ಕೆ ಒಂದರಷ್ಟೂ ಸಣ್ಣಗಾಗಲಿಲ್ಲ. ಎರಡನೆಯದು ಮೂರನೆಯ ಒಂದು ಪಾಲಿಗೂ ಮೀರಿ ಸಣ್ಣಗಾಯಿತು. ಮೊದಲನೆಯದರಲ್ಲಿ ಕಾರ್ಬೈಡಿನ ಹಾಳೆಗಳಿವೆ. ಮಾರ್ಟೆನ್ಸೈಟಿನ ಸೀಳುಗಳು ವೇಗವಾಗಿ ಬೆಳೆದು ಒಂದನ್ನೊಂದು ಡಿಕ್ಕಿ ಹೊಡೆದಾಗ ಉಂಟಾದ, ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳೂ ಇರಬಹುದು. ಎರಡನೆಯದರಲ್ಲಿ ಒಳಹೊರಗೆಲ್ಲ ಒಂದೇ ಉಷ್ಣತೆಯಲ್ಲಿ, ಸಾವಕಾಶವಾಗಿ, ಮಾರ್ಪಾಡು ನಡೆದುದರಿಂದ ಸೆಟೆತ ಕಡಮೆ. ಕಾಠಿನ್ಯದ ಅಂಕೆ ಉಕ್ಕು ಎಲ್ಲಿಗೆ ತಲಪಿತೆಂಬುದನ್ನು ಹೇಳುವುದು. ತಾಳಿಕೆಯಾದರೋ ಅದು ಯಾವ ದಾರಿಯಿಂದ ತಲಪಿತೆಂಬುದನ್ನೂ ನೆನಪಿಟ್ಟುಕೊಂಡಿರುವುದು.

ಈ ಎರಡನೆಯ ಕ್ರಮದಲ್ಲಿ ಎರಡು ಬಗೆಯ ತಪ್ಪಾಗಬಹುದು, ಅವುಗಳ ಗುರುತೂ ಬೇರೆಬೇರೆ. ಸಲಾಕೆಯನ್ನು ಕೊಳದಿಂದ ಬೇಗ ತೆಗೆದರೆ ಉಳಿದ ಆಸ್ಟೆನೈಟು ಮರುಕಾಯಿಸದ ಮಾರ್ಟೆನ್ಸೈಟಾಗುವುದು. ಆಗ ಕಾಠಿನ್ಯ ೫೦ಕ್ಕೆ ಮೇಲೇರುವುದು. ಅಂಕೆ ಹೆಚ್ಚಾಯಿತೆಂದು ಸಂತೋಷಪಡುವವನ ಕೈಯಲ್ಲಿ ಆ ಸಲಾಕೆ ಮುರಿಯುವುದು. ಸಲಾಕೆ ದಪ್ಪವಾಗಿದ್ದು ಮೂಗನ್ನು ತಾಗಿದರೆ ನಡುವೆ ಪರ್ಲೈಟು ಸೇರಿ ಕಾಠಿನ್ಯ ೫೦ಕ್ಕೆ ಕೆಳಗಿಳಿಯುವುದು.

ಇದರ ಮಿತಿಯೂ ಇಲ್ಲಿಯೇ ಇದೆ. ಸೀಸದ ಕೊಳವು ನೀರಿನಷ್ಟು ಬೇಗ ತಣಿಸದು. ಆದುದರಿಂದ ಸಾದಾ ಉಕ್ಕಿನಲ್ಲಿ ಈ ದಾರಿ ಕೆಲವೇ ಮಿಲಿಮೀಟರು ದಪ್ಪದ ವಸ್ತುಗಳಿಗೆ ಮಾತ್ರ ತೆರೆದಿದೆ. ಮ್ಯಾಂಗನೀಸು, ಕ್ರೋಮಿಯಮ್, ಮಾಲಿಬ್ಡಿನಮ್ ಮೊದಲಾದವನ್ನು ಬೆರೆಸಿದರೆ ಮೂಗು ಬಲಕ್ಕೆ ಸರಿದು ದಪ್ಪ ವಸ್ತುವಿಗೂ ಎಡೆಯಾಗುವುದು. ಆದರೆ ಕೊಳದಲ್ಲಿ ಕಾಯಬೇಕಾದ ಹೊತ್ತೂ ಬೆಳೆಯುವುದು. ಅಲ್ಲದೆ ಕಾಠಿನ್ಯ ೪೦ರಷ್ಟೇ ಸಾಕಾದಲ್ಲಿ ರೂಢಿಯ ಕ್ರಮವು ಹಳ್ಳವನ್ನು ದಾಟಿ ಆಚೆಗೆ ಹೋಗಿರುವುದರಿಂದ ಬೇನೈಟಿನ ಹೆಚ್ಚುಗಾರಿಕೆ ಅಲ್ಲಿ ನಿಲ್ಲದು.

೭

ಹಾಗಾದರೆ ಸೀಸದ ಕೊಳವಿಲ್ಲದ ಕುಲುಮೆಯಲ್ಲಿ ಕಲ್ಲುಕುಟಿಗನ ದಪ್ಪ ಉಳಿಗೆ ಹದ ಬರುವುದು ಹೇಗೆ? ಕಮ್ಮಾರನು ಉಳಿಯ ಬಾಯನ್ನು ಮಾತ್ರ ನೀರಿಗೆ ಮುಟ್ಟಿಸುವನು. ಬಾಯಿ ತೆಳ್ಳಗಿರುವುದರಿಂದ ಮೂಗನ್ನು ದಾಟಿ ಮಾರ್ಟೆನ್ಸೈಟಾಗುವುದು. ನೀರಿಗೆ ಸೋಕದ ಮೈ ಸಾವಕಾಶವಾಗಿ ಆರಿ, ಸುತ್ತಿಗೆಯ ಏಟನ್ನು ತಾಳುವ ಪರ್ಲೈಟಾಗುವುದು. ಬಾಯನ್ನು ಹೊರತೆಗೆದು ಉಜ್ಜಿ ಬೆಳಗಿಸಿದರೆ ಮೈಯಲ್ಲಿ ಉಳಿದ ಶಾಖ ಬಾಯಿಯ ಕಡೆಗೆ ಹರಿಯತೊಡಗುವುದು. ಅದರೊಡನೆ ಬಣ್ಣಗಳೂ ಹರಿಯುತ್ತವೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕಡೆಗೆ ೩೦೦ ಡಿಗ್ರಿಯ ಸುಮಾರಿನಲ್ಲಿ ನೀಲಿ. ಈ ಬಣ್ಣಗಳು ಮೇಲ್ಮೈಯ ತುಕ್ಕಿನ ತೆಳುಪೊರೆಯವು. ಕಡಮೆ ಶಾಖದಲ್ಲಿ ಬಹಳ ಹೊತ್ತು ಇಟ್ಟರೂ ಅದೇ ಬಣ್ಣ ಬರುವುದರಿಂದ ಅವನ್ನು ಉಷ್ಣಮಾಪಕದಂತೆ ನಂಬಲಾಗದು. ಆದರೆ ನಿಮಿಷದೊಳಗೆ ಮುಗಿಯುವ ಈ ಕೆಲಸಕ್ಕೆ ಅವು ಸಾಕು.

ಹಳದಿ ಬಾಯನ್ನು ಮುಟ್ಟಿದೊಡನೆ ಉಳಿ ಮತ್ತೆ ನೀರಿಗೆ. ಆ ಹಳದಿ ೨೨೦ರಿಂದ ೨೪೦ ಡಿಗ್ರಿಯದು. ಹಳ್ಳ ಅದರ ಆಚೆಗಿದೆ. ಕಾಠಿನ್ಯ ಬೇಕಾದಲ್ಲಿ ಕಾಠಿನ್ಯವನ್ನೂ ತಾಳಿಕೆ ಬೇಕಾದಲ್ಲಿ ತಾಳಿಕೆಯನ್ನೂ ಇಟ್ಟು, ಒಂದೇ ಉಳಿಯಲ್ಲಿ ಎರಡು ದಾರಿಗಳನ್ನು ನಡೆಸುವುದು ಅವನ ಕ್ರಮ. ನಕ್ಷೆ ಅದನ್ನು ತಿದ್ದಲಿಲ್ಲ. ಅದು ಏಕೆ ಸರಿಯೆಂಬುದನ್ನೂ, ನೀಲಿಯವರೆಗೆ ಬಿಟ್ಟ ಉಳಿ ಮೆತ್ತಗಾಗಿದ್ದರೂ ಏಕೆ ಒಡೆಯಬಹುದೆಂಬುದನ್ನೂ ತಿಳಿಯಲು ನೆರವಾಯಿತು.